ಬೈಪಾಸ್ ಪ್ರೋಟೀನ್, ಬೈಪಾಸ್ ಫ್ಯಾಟ್: ಯಾವ ಹಸುವಿಗೆ, ಯಾವಾಗ, ಎಷ್ಟು ದಿನ?

"ಒಂದು ಚೀಲ ಪೂರ್ತಿ ಖಾಲಿ ಆಯ್ತು, ಹಾಲು ಅರ್ಧ ಲೀಟರೂ ಏರಲಿಲ್ಲ." ಬೈಪಾಸ್ ಫ್ಯಾಟ್ ಹಾಕಿದವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಇದು. ಚೀಲದೊಳಗಿನ ಮಾಲು ಕೆಟ್ಟಿರುವುದು ಅಪರೂಪ. ಬೇಡದ ಹಸುವಿಗೆ ಹಾಕಿರುತ್ತಾರೆ, ಇಲ್ಲವೇ ಪ್ರೋಟೀನ್ ಕೊರತೆ ಇರುವ ಕಡೆ ಫ್ಯಾಟ್ ಹಾಕಿರುತ್ತಾರೆ, ಇಲ್ಲವೇ ಏರಿದ ಹಾಲನ್ನು ಸರಿಯಾಗಿ ಅಳೆದೇ ಇರುವುದಿಲ್ಲ.

ಇಲ್ಲಿ ಒಂದೇ ಸಂದರ್ಭ ತೆಗೆದುಕೊಳ್ಳುತ್ತೇನೆ: ದಿನಕ್ಕೆ 20 ಲೀಟರ್ ದಾಟುವ ಹಸು, ಕರು ಹಾಕಿದ ಮೊದಲ ಮೂರು ತಿಂಗಳು. ಈ ಎರಡು ವಸ್ತುಗಳಿಗೆ ಕೊಟ್ಟ ದುಡ್ಡು ವಾಪಸ್ ಬರುವುದಾದರೆ ಹೆಚ್ಚಾಗಿ ಈ ಅವಧಿಯಲ್ಲೇ.

## ಶುರು ಮಾಡುವ ಮುನ್ನ: ಎರಡೂ ಮಾಡುವ ಕೆಲಸ ಬೇರೆ

ಹಸುವಿನ ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಹಿಂಡಿಯಲ್ಲಿರುವ ಪ್ರೋಟೀನಿನ ದೊಡ್ಡ ಪಾಲನ್ನು ಅವು ಒಡೆದು ಅಮೋನಿಯಾ ಮಾಡುತ್ತವೆ. ಆ ಅಮೋನಿಯಾದಿಂದ ತಮ್ಮ ಮೈ ಬೆಳೆಸಿಕೊಳ್ಳುತ್ತವೆ. ಮುಂದೆ ಕರುಳಿನಲ್ಲಿ ಆ ಜೀವಿಗಳೇ ಹಸುವಿಗೆ ಪ್ರೋಟೀನ್ ಆಗುತ್ತವೆ. 10-12 ಲೀಟರ್ ಕೊಡುವ ಹಸುವಿಗೆ ಇದು ಬಹುಪಾಲು ಸಾಕು. 20 ದಾಟಿದ ಮೇಲೆ ಸಾಲುವುದಿಲ್ಲ. ಆಗ ರೂಮೆನ್‌ನಲ್ಲಿ ಒಡೆಯದೆ ನೇರ ಕರುಳಿಗೆ ಹೋಗುವ ಪ್ರೋಟೀನೂ ಬೇಕಾಗುತ್ತದೆ. ಅದೇ ಬೈಪಾಸ್ ಪ್ರೋಟೀನ್.

ಫ್ಯಾಟ್ ಕಥೆ ಬೇರೆ. ಸುಮ್ನೆ ಎಣ್ಣೆ ಹಾಕಿದರೆ ಅದು ನಾರಿನ ಮೇಲೆ ಪದರವಾಗಿ ಕೂರುತ್ತದೆ, ನಾರು ಕರಗಿಸುವ ಜೀವಿಗಳನ್ನೂ ಕೊಲ್ಲುತ್ತದೆ. ಮೇವು ಜೀರ್ಣ ಆಗುವುದು ಕಡಿಮೆಯಾಗುತ್ತದೆ, ಹಾಲಿನ ಫ್ಯಾಟ್ ಇಳಿಯುತ್ತದೆ. ಕೊಬ್ಬಿನಾಮ್ಲವನ್ನು ಕ್ಯಾಲ್ಸಿಯಂ ಜೊತೆ ಕಟ್ಟಿ ಸೋಪಿನಂತೆ ಮಾಡಿದರೆ ರೂಮೆನ್‌ನಲ್ಲಿ ಅದು ಹೆಚ್ಚು ಕರಗುವುದಿಲ್ಲ. ನಾಲ್ಕನೇ ಹೊಟ್ಟೆಯ ಹುಳಿಯಲ್ಲಿ ಬಿಡಿಸಿಕೊಂಡು ಕರುಳಿನಲ್ಲಿ ಜೀರ್ಣವಾಗುತ್ತದೆ. ಇದು ಕೊಡುವುದು ಶಕ್ತಿ ಮಾತ್ರ. ಪ್ರೋಟೀನ್ ಕೊರತೆಯನ್ನು ಇದು ತುಂಬುವುದಿಲ್ಲ.

## ಬೇಕಾದ ಸಾಮಾನು

ಹಾಲು ತೂಗಲು ತಕ್ಕಡಿ, ಮೇವು ಮತ್ತು ಹಿಂಡಿ ತೂಗಲು ಇನ್ನೊಂದು, ಒಂದು ನೋಟ್‌ಬುಕ್. ಹಾಲಿನ ಫ್ಯಾಟ್ ಮತ್ತು ಪ್ರೋಟೀನ್ ಎರಡನ್ನೂ ತೋರಿಸುವ ಪರೀಕ್ಷೆ ಮಾಡಿಸಲು ಸಾಧ್ಯವಾದರೆ ಮಾಡಿಸಿ. ಹಾಲಿನ ಯೂರಿಯಾ ಪರೀಕ್ಷೆಯೂ ಸಿಕ್ಕಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಡಬ್ಬದಲ್ಲಿ, ಬೊಗಸೆಯಲ್ಲಿ ಅಳೆಯುವವರು ಈ ಕೆಲಸಕ್ಕೆ ಕೈ ಹಾಕಬೇಡಿ. 250 ಗ್ರಾಂ ಕೊಡುತ್ತಿದ್ದೇನೆ ಎಂದುಕೊಂಡು 400 ಕೊಡುವುದು ತುಂಬಾ ಸುಲಭ.

## ಹಂತ 1: ಹಸುವನ್ನು ಆರಿಸಿ, ಕೊಟ್ಟಿಗೆಯನ್ನಲ್ಲ

ಎಲ್ಲ ಹಸುಗಳ ಕೈತಿಂಡಿಗೂ ಒಂದೇ ಸಮ ಬೆರೆಸುವುದು ಮೊದಲ ತಪ್ಪು. ಹೆಸರು ಹಿಡಿದು ಪಟ್ಟಿ ಮಾಡಿ. ಪಟ್ಟಿಯಲ್ಲಿ ಇರಬೇಕಾದವು: ಕರು ಹಾಕಿ ಒಂದು ವಾರ ದಾಟಿ ಸರಿಯಾಗಿ ಮೇಯಲು ಶುರು ಮಾಡಿದವು, ಮೂರು ತಿಂಗಳೊಳಗೆ ಇರುವವು, 20 ಲೀಟರ್ ಸುತ್ತಮುತ್ತ ಅಥವಾ ಮೇಲೆ ಕೊಡುವವು. 15ರಿಂದ 20 ಲೀಟರ್ ಹಸುವಿಗೆ ಕೆಲವೊಮ್ಮೆ ಬೈಪಾಸ್ ಪ್ರೋಟೀನ್ ಲಾಭ ಕೊಡುತ್ತದೆ, ಫ್ಯಾಟ್‌ನಿಂದ ಲಾಭ ಸಿಗುವುದು ಕಡಿಮೆ.

ಈ ಮೂರು ತಿಂಗಳೇ ಯಾಕೆ? ಹಾಲು ತುತ್ತತುದಿಗೆ ಹೋಗುವುದು ಸುಮಾರು 6ರಿಂದ 8ನೇ ವಾರದಲ್ಲಿ. ಹೊಟ್ಟೆ ತುಂಬಾ ತಿನ್ನುವುದು 10-12ನೇ ವಾರದ ಹೊತ್ತಿಗೆ. ನಡುವಿನ ಕೊರತೆಯನ್ನು ಹಸು ತನ್ನ ಮೈಯಿಂದ ತೆಗೆದು ತುಂಬುತ್ತದೆ. ಆರನೇ ತಿಂಗಳಲ್ಲಿ 9 ಲೀಟರ್ ಕೊಡುವ ಹಸುವಿಗೆ ಈ ಕೊರತೆ ಇಲ್ಲ. ಅದಕ್ಕೆ ಫ್ಯಾಟ್ ಹಾಕಿದರೆ ಮೈ ಬರುತ್ತದೆ, ಹಾಲು ಬರುವುದಿಲ್ಲ.

ಕರು ಹಾಕುವ ಮುಂಚೆಯಿಂದಲೇ ಫ್ಯಾಟ್ ಕೊಡುವ ರೂಢಿಯೂ ಇದೆ. ಮೈ ತುಂಬಿಕೊಂಡಿರುವ ಗಬ್ಬದ ಹಸುವಿಗೆ ನಾನು ಅದನ್ನು ಹೇಳುವುದಿಲ್ಲ. ಅಂಥ ಹಸು ಹೇಗೂ ಕರು ಹಾಕುವ ಹೊತ್ತಿಗೆ ಮೇವು ಬಿಡುತ್ತದೆ, ಫ್ಯಾಟ್ ಹಸಿವನ್ನು ಇನ್ನಷ್ಟು ತಗ್ಗಿಸಬಹುದು.

## ಹಂತ 2: ಬುಡದ ಆಹಾರ ಸರಿಪಡಿಸಿ

ಇದನ್ನು ಬಿಟ್ಟು ಮುಂದಿನ ಹಂತಕ್ಕೆ ಹೋದರೆ ಉಳಿದ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಎರಡು ದಿನ ತೂಗಿ ಬರೆಯಿರಿ: ಹಸಿ ಮೇವು ಎಷ್ಟು, ಒಣ ಮೇವು ಎಷ್ಟು, ಕೈತಿಂಡಿ ಎಷ್ಟು, ಗೋದಲಿಯಲ್ಲಿ ಉಳಿದದ್ದು ಎಷ್ಟು. 500 ಕೆಜಿ ತೂಕದ, 20ಕ್ಕಿಂತ ಹೆಚ್ಚು ಲೀಟರ್ ಕೊಡುವ ಹಸು ನೀರಿನಂಶ ಕಳೆದು ದಿನಕ್ಕೆ 15-16 ಕೆಜಿ ತಿನ್ನಬೇಕು. ನೆನಪಿರಲಿ, 30 ಕೆಜಿ ಹಸಿ ಮೇವಿನಲ್ಲಿ ಒಣ ಅಂಶ ಸುಮಾರು 6 ಕೆಜಿ ಮಾತ್ರ.

ಗೋದಲಿ ರಾತ್ರಿಯಿಡೀ ಖಾಲಿ ಇದೆಯೇ? ನೀರು ಸದಾ ಸಿಗುತ್ತದೆಯೇ? ಈ ಎರಡನ್ನು ಸರಿಪಡಿಸಿದರೆ ಒಂದೆರಡು ಲೀಟರ್ ಏರುವ ಹಸುಗಳು ಬಹಳ. ಅದಕ್ಕೆ ಚೀಲ ಬೇಕಿಲ್ಲ.

ಮೆಲುಕು ನೋಡಿ. ಆರಾಮಾಗಿ ಮಲಗಿರುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಸಗಣಿ ನೀರಾಗಿ, ನೊರೆ ಕಟ್ಟಿ, ಕಾಳು ಕಾಣಿಸಿದರೆ ಹೊಟ್ಟೆಯಲ್ಲಿ ಹುಳಿ ಜಾಸ್ತಿಯಾಗಿದೆ ಎಂದು ಅನುಮಾನಿಸಿ. ಈ ಸ್ಥಿತಿಯಲ್ಲಿ ಬೈಪಾಸ್ ಫ್ಯಾಟ್ ಹಾಕುವುದು ವ್ಯರ್ಥ. ಕ್ಯಾಲ್ಸಿಯಂ ಕಟ್ಟಿದ ಫ್ಯಾಟ್ ಗಟ್ಟಿಯಾಗಿ ನಿಲ್ಲುವುದು ರೂಮೆನ್ ಹುಳಿಯಾಗದೆ ಇದ್ದಾಗ ಮಾತ್ರ. ಹುಳಿ ಏರಿದರೆ ಅದು ಅಲ್ಲೇ ಬಿಡಿಸಿಕೊಳ್ಳತೊಡಗುತ್ತದೆ, ಆಮೇಲೆ ಮಾಮೂಲಿ ಎಣ್ಣೆಯ ಹಾಗೇ ತೊಂದರೆ ಕೊಡುತ್ತದೆ. ಮೊದಲು ಕೈತಿಂಡಿಯನ್ನು ಮೂರು ನಾಲ್ಕು ಹೊತ್ತಿಗೆ ಹಂಚಿ, ಉದ್ದದ ಮೇವು ಸೇರಿಸಿ.

## ಹಂತ 3: ಕೊರತೆ ಯಾವುದು ಎಂದು ಪತ್ತೆ ಹಚ್ಚಿ

ಹೆಚ್ಚಿನವರು ಎಡವುವುದು ಇಲ್ಲೇ. ಎರಡು ಕಡೆ ನೋಡಿ: ಹಸುವಿನ ಮೈ, ಮತ್ತು ಹಾಲಿನ ಪರೀಕ್ಷೆ.

ಶಕ್ತಿ ಕೊರತೆ ಇದ್ದರೆ ಹಸು ಬೇಗ ಬಡವಾಗುತ್ತದೆ. ಬಾಲದ ಬುಡದ ಎರಡು ಪಕ್ಕ ಗುಂಡಿ ಬೀಳುತ್ತದೆ, ಸೊಂಟದ ಮೂಳೆ ಎದ್ದು ಕಾಣುತ್ತದೆ. ಒಂದರಿಂದ ಐದರ ಅಳತೆಯಲ್ಲಿ ಮೈಕಟ್ಟಿಗೆ ಅಂಕ ಹಾಕುತ್ತಾರಲ್ಲ, ಅದರಲ್ಲಿ ಅರ್ಧ ಅಂಕ ಇಳಿಯುವುದು ಸಹಜ. ಒಂದಕ್ಕಿಂತ ಜಾಸ್ತಿ ಇಳಿದರೆ ತೊಂದರೆ. ಪ್ರತಿ ವಾರ ಒಂದೇ ಜಾಗದಿಂದ ಫೋಟೋ ತೆಗೆದಿಟ್ಟರೆ ಇಳಿತ ಸ್ಪಷ್ಟ ಕಾಣುತ್ತದೆ. ಹಾಲಿನಲ್ಲೂ ಸುಳಿವು ಸಿಗುತ್ತದೆ. ಫ್ಯಾಟನ್ನು ಪ್ರೋಟೀನಿನಿಂದ ಭಾಗಿಸಿ. ಫ್ಯಾಟ್ 4.6, ಪ್ರೋಟೀನ್ 3.0 ಇದ್ದರೆ 1.5 ಬರುತ್ತದೆ. ಹೊಸದಾಗಿ ಕರು ಹಾಕಿದ ಹಸುವಿನಲ್ಲಿ ಇದು 1.4 ದಾಟಿದರೆ ಮೈಯ ಕೊಬ್ಬು ವೇಗವಾಗಿ ಕರಗುತ್ತಿದೆ ಎಂದು ಅರ್ಥ. "ಫ್ಯಾಟ್ ಚೆನ್ನಾಗಿ ಬರ್ತಿದೆ" ಎಂದು ಖುಷಿಪಡುವವರು ಇದನ್ನು ಗಮನಿಸಿ. ಮೊದಲ ವಾರಗಳಲ್ಲಿ ದಿಢೀರ್ ಏರಿದ ಫ್ಯಾಟ್ ಶುಭ ಸೂಚನೆ ಅಲ್ಲ.

ಪ್ರೋಟೀನ್ ವಿಷಯಕ್ಕೆ ಹಾಲಿನ ಯೂರಿಯಾ ನೋಡಿ. ವರದಿಯಲ್ಲಿ ಯೂರಿಯಾ ಎಂದಿದೆಯೋ ಯೂರಿಯಾ ನೈಟ್ರೋಜನ್ ಎಂದಿದೆಯೋ ಮೊದಲು ಓದಿ. ಯೂರಿಯಾ ಎಂದಿದ್ದರೆ 2.14ರಿಂದ ಭಾಗಿಸಿದಾಗ ನೈಟ್ರೋಜನ್ ಅಂಕಿ ಸಿಗುತ್ತದೆ. ಈ ನೈಟ್ರೋಜನ್ ಅಂಕಿ ನೂರು ಮಿಲಿಲೀಟರಿಗೆ 10ರಿಂದ 16 ಮಿಲಿಗ್ರಾಂ ನಡುವೆ ಇದ್ದರೆ ಸರಿ. ಒಂದು ಹಸುವಿನ ಒಂದು ದಿನದ ಅಂಕಿಯನ್ನು ನಂಬಬೇಡಿ, ನಾಲ್ಕೈದು ಹಸುಗಳ ಸರಾಸರಿ ನೋಡಿ.

8ಕ್ಕಿಂತ ಕೆಳಗಿದ್ದರೆ ರೂಮೆನ್ ಜೀವಿಗಳಿಗೇ ಅಮೋನಿಯಾ ಸಾಲುತ್ತಿಲ್ಲ. ಆಗ ಬೇಕಿರುವುದು ಮಾಮೂಲಿ ಹಿಂಡಿ. ಇಲ್ಲಿ ಬೈಪಾಸ್ ಪ್ರೋಟೀನ್ ಹಾಕಿದರೆ ಅದು ಜೀವಿಗಳಿಗೆ ಸಿಗದೆ ದಾಟಿಹೋಗುತ್ತದೆ. ನಾರು ಕರಗುವುದಿಲ್ಲ, ಹಸು ತಿನ್ನುವುದೂ ಕಡಿಮೆಯಾಗುತ್ತದೆ. ಜಾಸ್ತಿ ದುಡ್ಡು ಕೊಟ್ಟು ಹಾಲು ಇಳಿಸಿಕೊಂಡಂತೆ.

18ಕ್ಕಿಂತ ಮೇಲಿದ್ದರೆ ಬೇಗ ಕರಗುವ ಪ್ರೋಟೀನ್ ಜಾಸ್ತಿಯಾಗಿದೆ, ಅಥವಾ ಅದನ್ನು ಬಳಸಲು ಬೇಕಾದ ಪಿಷ್ಟ ಕಡಿಮೆ ಇದೆ. ಬೈಪಾಸ್ ಪ್ರೋಟೀನ್ ನಿಜಕ್ಕೂ ಕೆಲಸ ಮಾಡುವುದು ಇಂಥಲ್ಲಿ. ಆದರೆ ಮೇಲಿಂದ ಸೇರಿಸಬೇಡಿ. ಕಡಲೆಕಾಯಿ ಹಿಂಡಿಯಂಥ ಬೇಗ ಕರಗುವ ಹಿಂಡಿಯಲ್ಲಿ ಒಂದಷ್ಟು ತೆಗೆದು ಆ ಜಾಗಕ್ಕೆ ಹಾಕಿ.

ನಿಮ್ಮ ಕೈತಿಂಡಿಯಲ್ಲಿ ಆಗಲೇ ಹತ್ತಿಕಾಳು ಹಿಂಡಿ, ಕೊಬ್ಬರಿ ಹಿಂಡಿ ಅಥವಾ ಮೆಕ್ಕೆಜೋಳದ ಗ್ಲುಟನ್ ಒಳ್ಳೆ ಪ್ರಮಾಣದಲ್ಲಿದ್ದರೆ, ನಿಮಗೆ ಗೊತ್ತಿಲ್ಲದೆಯೇ ಸಾಕಷ್ಟು ಬೈಪಾಸ್ ಪ್ರೋಟೀನ್ ಹೋಗುತ್ತಿರುತ್ತದೆ. ಇವು ಸಹಜವಾಗಿಯೇ ನಿಧಾನ ಕರಗುವಂಥವು.

ಎರಡೂ ಕೊರತೆ ಇದ್ದರೆ ಮೊದಲು ಶಕ್ತಿ ತುಂಬಿ. ಬಡವಾಗುತ್ತಿರುವ ಹಸುವಿಗೆ ಬರೀ ಬೈಪಾಸ್ ಪ್ರೋಟೀನ್ ಕೊಟ್ಟರೆ ಹಾಲು ಏರುತ್ತದೆ, ಹಸು ಇನ್ನಷ್ಟು ಸೊರಗುತ್ತದೆ.

## ಹಂತ 4: ಹಾಲಿನ ಲೀಟರಿನಲ್ಲೇ ಲೆಕ್ಕ ಹಾಕಿ

ಬೆಲೆ ದಿನಕ್ಕೊಂದು ಥರ ಇರುತ್ತದೆ. ಅದಕ್ಕೇ ದುಡ್ಡು ಬಿಟ್ಟು, "1 ಕೆಜಿ ಮಾಲಿನ ಬೆಲೆ ಎಷ್ಟು ಲೀಟರ್ ಹಾಲಿಗೆ ಸಮ?" ಎಂದು ಕೇಳಿ.

ಒಂದು ಹಸು ನೋಡೋಣ. ತೂಕ 500 ಕೆಜಿ, ಕರು ಹಾಕಿ ಮೂರು ವಾರ, ದಿನಕ್ಕೆ 24 ಲೀಟರ್, ಫ್ಯಾಟ್ 3.8. ಮೈ ನಡೆಯಲು ಸುಮಾರು 8.5 ಮೆಗಾಕ್ಯಾಲರಿ ಶಕ್ತಿ, ಹಾಲಿಗೆ 17.5, ಒಟ್ಟು 26 ಬೇಕು. 15.5 ಕೆಜಿ ಒಣ ಅಂಶ ತಿಂದು ಅದಕ್ಕೆ ಸಿಗುವುದು 24. ದಿನಕ್ಕೆ 2 ಮೆಗಾಕ್ಯಾಲರಿ ಮೈಯಿಂದ ಹೋಗುತ್ತಿದೆ. ಇದು ದಿನಕ್ಕೆ ಸುಮಾರು 400 ಗ್ರಾಂ ಮೈ ಕರಗಿದಂತೆ.

ಬೈಪಾಸ್ ಫ್ಯಾಟಿನ 1 ಕೆಜಿಯಲ್ಲಿ ಹಾಲಿಗೆ ಒದಗುವ ಶಕ್ತಿ ಸುಮಾರು 5 ಮೆಗಾಕ್ಯಾಲರಿ. 250 ಗ್ರಾಂ ಕೊಟ್ಟರೆ 1.25 ಸಿಗುತ್ತದೆ. ಅಂದರೆ ಕೊರತೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿತು. ಇದೆಲ್ಲ ಹಾಲಿಗೇ ಹೋದರೂ 1.7 ಲೀಟರ್ ಮೇಲೆ ಏರುವುದು ಸಾಧ್ಯವಿಲ್ಲ. ಒಂದು ಪಾಲು ಮೈ ಉಳಿಸಲು ಹೋಗುವುದರಿಂದ ಒಂದು ಲೀಟರ್ ಸುತ್ತಮುತ್ತ ಬಂದರೆ ಒಳ್ಳೆ ಫಲಿತಾಂಶ ಎನ್ನಬೇಕು. "ನಾಲ್ಕು ಲೀಟರ್ ಏರುತ್ತೆ" ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ.

ಈಗ ಖರ್ಚು. 1 ಕೆಜಿ ಬೈಪಾಸ್ ಫ್ಯಾಟ್ ಬೆಲೆ 4 ಲೀಟರ್ ಹಾಲಿಗೆ ಸಮ ಎಂದಿಟ್ಟುಕೊಳ್ಳಿ. 250 ಗ್ರಾಂಗೆ ಒಂದು ಲೀಟರ್ ಖರ್ಚು. ಒಂದು ಲೀಟರ್ ಏರಿದರೆ ಹಾಕಿದ್ದು ಬಂತು, ಲಾಭ ಇಲ್ಲ. ಮೈ ಉಳಿದು, ಬೆದೆಗೆ ಬೇಗ ಬಂದು, ಹಾಲಿನ ಫ್ಯಾಟ್ ಸ್ವಲ್ಪ ಏರಿದರೆ ಅದು ನಿಮ್ಮ ಲಾಭ. ಆದರೆ ಬೆದೆ ಬಗ್ಗೆ ಖಾತ್ರಿ ಕೊಡಲಾಗುವುದಿಲ್ಲ. ಬೆಲೆ 3 ಲೀಟರ್ ಒಳಗಿದ್ದರೆ ಈ ಹಸುವಿಗೆ ಧೈರ್ಯವಾಗಿ ಕೊಡಿ. 5 ದಾಟಿದರೆ, ತುಂಬಾ ಬಡವಾಗುತ್ತಿರುವ ಹಸುವಿಗೆ ಮಾತ್ರ ಇಟ್ಟುಕೊಳ್ಳಿ.

ಬೈಪಾಸ್ ಪ್ರೋಟೀನ್ ಲೆಕ್ಕ ಇದಕ್ಕಿಂತ ಸಲೀಸು, ಯಾಕೆಂದರೆ ಅದು ಒಂದು ಹಿಂಡಿಯ ಜಾಗಕ್ಕೆ ಬರುತ್ತದೆ. ಖರ್ಚು ಎಂದರೆ ಎರಡರ ಬೆಲೆಯ ವ್ಯತ್ಯಾಸ ಮಾತ್ರ. 40% ಪ್ರೋಟೀನ್ ಇರುವ 1 ಕೆಜಿ ಹಿಂಡಿಯಲ್ಲಿ 400 ಗ್ರಾಂ ಪ್ರೋಟೀನ್. ಮಾಮೂಲಿ ಹಿಂಡಿಯಲ್ಲಿ ಅದರ 30% ದಾಟಿಹೋಗುತ್ತದೆ, ಸಂಸ್ಕರಿಸಿದ್ದರಲ್ಲಿ 70% ಎಂದುಕೊಳ್ಳಿ. 160 ಗ್ರಾಂ ಹೆಚ್ಚು ಕರುಳಿಗೆ ಸಿಕ್ಕಿತು, ಅದರಲ್ಲಿ ಸುಮಾರು 130 ಜೀರ್ಣವಾಗುತ್ತದೆ. ಒಂದು ಲೀಟರ್ ಹಾಲಿಗೆ 50 ಗ್ರಾಂ ಹತ್ತಿರ ಬೇಕು. ಗರಿಷ್ಠ ಎರಡೂವರೆ ಲೀಟರ್, ಕೈಗೆ ಸಿಗುವುದು ಅದರ ಅರ್ಧ ಅಥವಾ ಕಡಿಮೆ. ಬೆಲೆಯ ವ್ಯತ್ಯಾಸ ಅರ್ಧ ಲೀಟರ್ ಹಾಲಿಗಿಂತ ಕಡಿಮೆ ಇದ್ದರೆ, ಮತ್ತು ಹಂತ 3ರಲ್ಲಿ ಯೂರಿಯಾ ಕಡಿಮೆ ಇಲ್ಲ ಎಂದು ಖಚಿತವಾಗಿದ್ದರೆ, ಹಾಕುವುದು ಸರಿ.

## ಹಂತ 5: ಚೀಲ ಓದಿ ಕೊಳ್ಳಿ

ಕ್ಯಾಲ್ಸಿಯಂ ಸೋಪಿನ ಬೈಪಾಸ್ ಫ್ಯಾಟ್‌ನಲ್ಲಿ ಒಟ್ಟು ಫ್ಯಾಟ್ ಸುಮಾರು 84%, ಕ್ಯಾಲ್ಸಿಯಂ 8-9% ಹತ್ತಿರ ಇರುತ್ತದೆ. ಇದಕ್ಕಿಂತ ತೀರಾ ಕೆಳಗಿದ್ದರೆ ಬೇರೇನೋ ಬೆರೆಸಿದ್ದಾರೆ ಎಂದೇ ಅರ್ಥ. ಬೆಲೆಯನ್ನು ಚೀಲಕ್ಕೆ ಹೋಲಿಸದೆ ಒಳಗಿನ ಫ್ಯಾಟಿಗೆ ಹೋಲಿಸಿ.

ಇನ್ನೊಂದು ಬಗೆ ಗಟ್ಟಿಯಾದ ಮಣಿಗಳಾಗಿ ಬರುತ್ತದೆ. ಇದರಲ್ಲಿ ಪಾಮಿಟಿಕ್ ಆಮ್ಲ ಹೆಚ್ಚಿರುವಂಥವು ಹಾಲಿನ ಫ್ಯಾಟ್ ಏರಿಸಲು ಚೆನ್ನಾಗಿ ಕೆಲಸ ಮಾಡುತ್ತವೆ. ಮೈ ಇಳಿಯುವುದನ್ನು ತಡೆಯುವುದು ಗುರಿಯಾದರೆ ಕ್ಯಾಲ್ಸಿಯಂ ಸೋಪೇ ಮೇಲು.

ಒಂದು ಚಮಚವನ್ನು ಉಗುರು ಬೆಚ್ಚಗಿನ ನೀರಿಗೆ ಹಾಕಿ ಕಲಕಿ. ಮೇಲೆ ಎಣ್ಣೆಯ ಪದರ ತೇಲಿದರೆ ಕಟ್ಟದೆ ಉಳಿದ ಎಣ್ಣೆ ಅದರಲ್ಲಿದೆ. ಇದು ಒರಟು ಪರೀಕ್ಷೆ, ಪ್ರಯೋಗಾಲಯಕ್ಕೆ ಬದಲಿ ಅಲ್ಲ. ಕಮಟು ವಾಸನೆ ಬಂದರೆ ಚೀಲ ವಾಪಸ್ ಮಾಡಿ.

ಬೈಪಾಸ್ ಪ್ರೋಟೀನ್ ಹಿಂಡಿಯ ಬಣ್ಣ ನೋಡಿ. ಶಾಖದಿಂದ ಮಾಡಿದ್ದಾದರೆ ತಿಳಿ ಕಂದು ಸರಿ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಆ ಪ್ರೋಟೀನ್ ರೂಮೆನ್ ದಾಟುತ್ತದೆ, ಕರುಳನ್ನೂ ದಾಟಿ ಸಗಣಿಗೆ ಹೋಗುತ್ತದೆ. ಫಾರ್ಮಾಲಿನ್ ತಂದು ಮನೆಯಲ್ಲೇ ಸಂಸ್ಕರಿಸುವ ಸಾಹಸ ಖಂಡಿತ ಬೇಡ. ಅದರ ಹೊಗೆ ಕಣ್ಣು, ಶ್ವಾಸಕೋಶಕ್ಕೆ ಕೆಟ್ಟದ್ದು. ಪ್ರಮಾಣ ಸ್ವಲ್ಪ ಏರಿದರೂ ಪ್ರೋಟೀನ್ ಜೀರ್ಣವಾಗದಂತೆ ಕಟ್ಟಿಕೊಳ್ಳುತ್ತದೆ.

## ಹಂತ 6: ನಿಧಾನವಾಗಿ ಏರಿಸಿ

ಫ್ಯಾಟ್ ಪ್ರಮಾಣ ಪ್ರತಿ ಲೀಟರ್ ಹಾಲಿಗೆ 10 ಗ್ರಾಂ ಎಂದುಕೊಳ್ಳಿ. ನಮ್ಮ 24 ಲೀಟರಿನ ಹಸುವಿಗೆ ಸುಮಾರು 250 ಗ್ರಾಂ. ಮೊದಲ ಮೂರು ದಿನ 50, ಮುಂದಿನ ಮೂರು ದಿನ 100, ಆಮೇಲೆ 150, 200. ಹತ್ತು ಹನ್ನೆರಡು ದಿನದಲ್ಲಿ ಪೂರ್ತಿ ಪ್ರಮಾಣ ತಲುಪಿ. ವಾಸನೆ ಮತ್ತು ರುಚಿ ಅಷ್ಟು ಹಿತವಲ್ಲ, ಒಮ್ಮೆಲೇ ಹಾಕಿದರೆ ಹಸು ಮೂತಿ ತಿರುಗಿಸುತ್ತದೆ. ಕೈತಿಂಡಿಯಲ್ಲಿ ಚೆನ್ನಾಗಿ ಬೆರೆಸಿ, ಎರಡು ಮೂರು ಹೊತ್ತಿಗೆ ಹಂಚಿ. ಬಿಸಿ ನೀರಿನಲ್ಲಿ ಕಲಸಬೇಡಿ, ಮೇಲೆ ಉದುರಿಸಿ ಬಿಡಬೇಡಿ.

ಒಟ್ಟು ಫ್ಯಾಟ್ ಮಿತಿ ಮರೆಯಬೇಡಿ. ಮಾಮೂಲಿ ಆಹಾರದಲ್ಲೇ 3% ಹತ್ತಿರ ಇರುತ್ತದೆ. ಎಲ್ಲ ಸೇರಿ ಒಣ ಅಂಶದ 6% ದಾಟಬಾರದು. ನಮ್ಮ ಹಸುವಿಗೆ ಬುಡದ ಆಹಾರದಿಂದ 465 ಗ್ರಾಂ, ಬೈಪಾಸ್‌ನಿಂದ 210, ಒಟ್ಟು 675. ಮಿತಿ 930, ಹಾಗಾಗಿ ಪರವಾಗಿಲ್ಲ. ಇದೇ ಹಸು ಎಣ್ಣೆ ತೆಗೆಯದ ಹತ್ತಿಕಾಳನ್ನೂ ದಿನಕ್ಕೆ 2 ಕೆಜಿ ಹೆಚ್ಚುವರಿಯಾಗಿ ತಿನ್ನುತ್ತಿದ್ದರೆ ಅದರಿಂದಲೇ ಇನ್ನೂ ಸುಮಾರು 360 ಗ್ರಾಂ ಎಣ್ಣೆ ಬಂದು ಮಿತಿ ದಾಟುತ್ತದೆ. ಎರಡರಲ್ಲಿ ಒಂದನ್ನು ಬಿಡಿ.

ಬೈಪಾಸ್ ಪ್ರೋಟೀನ್ ಹಿಂಡಿಯನ್ನು ಒಂದು ವಾರದಲ್ಲಿ ಅದಲು ಬದಲು ಮಾಡಿ. ಈ ಹಸುವಿಗೆ 1 ಕೆಜಿ ಸಾಕು. ಪ್ರೋಟೀನ್ ಮತ್ತು ಫ್ಯಾಟ್ ಎರಡನ್ನೂ ಒಂದೇ ದಿನ ಶುರು ಮಾಡಬೇಡಿ, ಯಾವುದು ಕೆಲಸ ಮಾಡಿತು ಎಂದು ಎಂದಿಗೂ ಗೊತ್ತಾಗುವುದಿಲ್ಲ. ಖನಿಜ ಮಿಶ್ರಣ ನಿಲ್ಲಿಸಬೇಡಿ. ಫ್ಯಾಟ್ ಜಾಸ್ತಿ ಇರುವ ಆಹಾರದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಹೆಚ್ಚು ಬೇಕು.

## ಹಂತ 7: ಕೆಲಸ ಮಾಡಿತೇ ಎಂದು ಅಳೆಯಿರಿ

ಶುರು ಮಾಡುವ ಮುಂಚೆ ಏಳು ದಿನ ಬೆಳಗ್ಗೆ, ಸಂಜೆ ಹಾಲು ತೂಗಿ ಸರಾಸರಿ ತೆಗೆಯಿರಿ. ಪೂರ್ತಿ ಪ್ರಮಾಣ ತಲುಪಿ ಒಂದು ವಾರ ಕಳೆದ ಮೇಲೆ ಮತ್ತೆ ಏಳು ದಿನ ತೂಗಿ.

ಇಲ್ಲಿ ಒಂದು ಬಲೆ ಇದೆ. ಐದನೇ ವಾರದಲ್ಲಿ ಹಾಲು ಹೇಗೂ ಏರುತ್ತಿರುತ್ತದೆ, ಹತ್ತನೇ ವಾರದ ನಂತರ ಹೇಗೂ ಇಳಿಯುತ್ತಿರುತ್ತದೆ. ಮುಂಚಿನ ಅಂಕಿಯೊಂದಿಗೆ ಮಾತ್ರ ಹೋಲಿಸಿದರೆ ಇಲ್ಲದ ಲಾಭ ಕಾಣಬಹುದು, ಇರುವ ಲಾಭ ಮರೆಯಾಗಬಹುದು. ಸುಮಾರು ಅದೇ ದಿನಗಳಲ್ಲಿ ಕರು ಹಾಕಿದ, ಅಷ್ಟೇ ಹಾಲಿನ ಇನ್ನೊಂದೆರಡು ಹಸುಗಳಿಗೆ ಹಾಕದೆ ಬಿಟ್ಟು ಜೊತೆಯಲ್ಲೇ ತೂಗಿ. ಅಂಥ ಹಸುಗಳಿಲ್ಲದಿದ್ದರೆ ಹತ್ತು ದಿನ ನಿಲ್ಲಿಸಿ ನೋಡಿ. ನಿಲ್ಲಿಸಿದ ಮೇಲೆ ಹಾಲು ಮಾಮೂಲಿಗಿಂತ ಜೋರಾಗಿ ಇಳಿದರೆ ಅದು ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಉಳಿದ ಚೀಲ ಆ ಹಸುವಿಗೆ ಬೇಡ.

ಫ್ಯಾಟ್ ಕೊಟ್ಟಾಗ ಹಾಲಿನ ಪ್ರೋಟೀನ್ 0.1ರಷ್ಟು ಇಳಿಯಬಹುದು. ಗಾಬರಿ ಬೇಡ. ಆದರೆ ಪ್ರೋಟೀನ್ ಅಥವಾ ಎಸ್‌ಎನ್‌ಎಫ್ ನೋಡಿ ಹಾಲಿಗೆ ಬೆಲೆ ಕಟ್ಟುವ ಕಡೆ ಹಾಕುತ್ತಿದ್ದರೆ, ಹಂತ 4ರ ಲೆಕ್ಕದಲ್ಲಿ ಅದನ್ನೂ ಕಳೆಯಿರಿ.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು: ಹಸು ತಿನ್ನುವ ಮೇವು ಎರಡು ದಿನ ಸತತ ಕಡಿಮೆಯಾದರೆ, ಹಾಲಿನ ಫ್ಯಾಟ್ ದಿಢೀರ್ ಇಳಿದರೆ, ಸಗಣಿ ಜಿಡ್ಡಾಗಿ ಹೊಳೆದರೆ, ಭೇದಿ ಶುರುವಾದರೆ. ಹಸು ಕೈತಿಂಡಿ ಬಿಟ್ಟು ಒಣ ಹುಲ್ಲು ಮಾತ್ರ ಹುಡುಕುತ್ತಿದ್ದರೆ, ಉಸಿರು ಅಥವಾ ಹಾಲು ಸಿಹಿ ವಾಸನೆ ಬಂದರೆ ಅದು ಕೀಟೋಸಿಸ್ ಇರಬಹುದು. ಇದಕ್ಕೆ ಬೈಪಾಸ್ ಫ್ಯಾಟ್ ಮದ್ದಲ್ಲ. ಆ ಹಸುವಿಗೆ ಬೇಕಿರುವುದು ಗ್ಲೂಕೋಸ್, ಫ್ಯಾಟಿನಿಂದ ಅದು ಸಾಕಷ್ಟು ಹುಟ್ಟುವುದಿಲ್ಲ. ಪಶುವೈದ್ಯರನ್ನು ಅದೇ ದಿನ ಕರೆಯಿರಿ.

## ಹಂತ 8: ನಿಲ್ಲಿಸುವ ದಿನ ಮೊದಲೇ ಬರೆದಿಡಿ

ಕೊಡಲು ಶುರು ಮಾಡಿದವರು ನಿಲ್ಲಿಸುವುದನ್ನು ಮರೆಯುತ್ತಾರೆ, ದುಡ್ಡು ಹೆಚ್ಚು ಸೋರುವುದು ಹೀಗೆ. ಫ್ಯಾಟನ್ನು ಕರು ಹಾಕಿದ 90ನೇ ದಿನದ ಹೊತ್ತಿಗೆ ನಿಲ್ಲಿಸಲು ಯೋಚಿಸಿ. ಆಗ ಮೂರು ನೋಡಿ: ಮೈ ಇಳಿಯುವುದು ನಿಂತಿದೆಯೇ, ಫ್ಯಾಟ್-ಪ್ರೋಟೀನ್ ಭಾಗಲಬ್ಧ 1.4ರ ಕೆಳಗೆ ಬಂದಿದೆಯೇ, ಹಸು ಹೊಟ್ಟೆ ತುಂಬಾ ತಿನ್ನುತ್ತಿದೆಯೇ. ಮೂರಕ್ಕೂ ಹೌದು ಎಂದಾದರೆ ಒಂದು ವಾರದಲ್ಲಿ ಇಳಿಸಿ ನಿಲ್ಲಿಸಿ. ಇನ್ನೂ 25 ಲೀಟರ್ ಮೇಲಿದ್ದು ಮೈ ಹಿಡಿಯದ ಹಸುವಿಗೆ ಇನ್ನೊಂದು ತಿಂಗಳು ಮುಂದುವರಿಸಬಹುದು.

ಬೈಪಾಸ್ ಪ್ರೋಟೀನನ್ನು ಹಾಲು 15 ಲೀಟರಿಗೆ ಇಳಿಯುವವರೆಗೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಕೆಳಗೆ ಬಂದ ಮೇಲೆ ವಾಪಸ್ ಮಾಮೂಲಿ ಹಿಂಡಿಗೆ ಬನ್ನಿ. ಬದಲಿಸಿದ ಎರಡು ವಾರದ ಮೇಲೆ ಹಾಲಿನ ಯೂರಿಯಾ ಇನ್ನೊಮ್ಮೆ ನೋಡಿ. ನೈಟ್ರೋಜನ್ ಅಂಕಿ 16 ದಾಟಿದ್ದರೆ ಹಿಂಡಿಯ ಪ್ರಮಾಣವನ್ನೇ ಸ್ವಲ್ಪ ಕಡಿಮೆ ಮಾಡಿ.